ಗಾಜಿನ ಗೋಡೆಯ ಹೊರಗೆ ನಿಂತ ಕಲ್ಲಿನ ಕಮಾನುಗಳು

ಪ್ರಶ್ನೆ: ಪ್ಯಾರಿಸ್‌ನ ನೋಟ್ರ ಡಾಮ್ ಚರ್ಚನ್ನು ಇತ್ತೀಚೆಗೆ ನೋಡಿಬಂದೆ. ಒಳಗೆ ನಿಂತರೆ ಮೇಲ್ಭಾಗದಲ್ಲಿ ಗೋಡೆಯೇ ಇಲ್ಲವೇನೋ ಎನ್ನುವಷ್ಟು ಗಾಜು. ಹೊರಗೆ ಬಂದರೆ ಸುತ್ತಲೂ ಕಲ್ಲಿನ ಅರೆಗಮಾನುಗಳನ್ನು ಗೋಡೆಗೆ ಆನಿಸಿಟ್ಟಿದ್ದಾರೆ. ಇಷ್ಟೆಲ್ಲ ಮಾಡುವ ಬದಲು ಗೋಡೆಯನ್ನೇ ದಪ್ಪ ಕಟ್ಟಬಹುದಿತ್ತಲ್ಲವೇ? ಕಮಾನುಗಳ ತುದಿ ಚೂಪಾಗಿರುವುದು ಬರೀ ಅಂದಕ್ಕೋ? ಹೊರಗಿನ ಆ ಕಮಾನುಗಳಿಗೆ ಪೆಟ್ಟಾದರೆ ಕಟ್ಟಡ ಉಳಿಯುತ್ತದೆಯೇ?

ಉತ್ತರ: ಗೋಡೆಯ ಕಥೆಯನ್ನು ಚಾವಣಿಯಿಂದ ಆರಂಭಿಸಬೇಕು. ನೀವು ಒಳಗಿನಿಂದ ತಲೆಯೆತ್ತಿ ನೋಡಿದ್ದು ಕಲ್ಲಿನ ಕಮಾನು ಚಾವಣಿ; ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ, ನಿಮ್ಮ ಕಣ್ಣಿಗೆ ಬೀಳದಂತೆ, ಓಕ್ ಮರದ ಇನ್ನೊಂದು ಮಾಡು ಇದೆ. ಅದಕ್ಕೆ ಸೀಸದ ತಗಡು ಹೊದಿಸಿದ್ದಾರೆ. ಮಳೆ ತಡೆಯುವುದು ಮರದ ಮಾಡಿನ ಕೆಲಸ. ಆ ಮಾಡಿಗೆ ಬೆಂಕಿ ಬಿದ್ದರೆ ಕೆಂಡ ಒಳಗೆ ಸುರಿಯದಂತೆ ತಡೆಯುವುದು ಕಲ್ಲಿನ ಚಾವಣಿಯ ಕೆಲಸ. ಮಧ್ಯಯುಗದಲ್ಲಿ ಚರ್ಚುಗಳು ಮತ್ತೆ ಮತ್ತೆ ಸುಡುತ್ತಿದ್ದವು. ಶಾರ್ತ್ರ್ ನಗರದ ಕೆಥಡ್ರಲ್ 1194ರ ಬೆಂಕಿಯಲ್ಲಿ ಹೋದ ಮೇಲೆಯೇ ಈಗಿರುವ ಕಟ್ಟಡ ಎದ್ದದ್ದು. ಹೀಗಾಗಿ ಕಲ್ಲಿನ ಚಾವಣಿ ಬೇಕೇಬೇಕು ಎಂದಾಯಿತು. ತೊಡಕು ಶುರುವಾದದ್ದೂ ಅಲ್ಲಿಂದಲೇ.

ಮರದ ತೊಲೆ ಗೋಡೆಯ ಮೇಲೆ ಸುಮ್ಮನೆ ಕೂರುತ್ತದೆ. ಅದರ ಭಾರ ನೇರವಾಗಿ ಕೆಳಗಿಳಿಯುತ್ತದೆ. ಕಮಾನು ಹಾಗಲ್ಲ. ಭಾರವನ್ನು ಕೆಳಗಿಳಿಸುವುದರ ಜೊತೆಗೆ ತನ್ನ ಎರಡು ಕಾಲುಗಳನ್ನೂ ಹೊರಕ್ಕೆ ತಳ್ಳುತ್ತಿರುತ್ತದೆ. ಈ ತಳ್ಳು ಒಂದು ಕ್ಷಣವೂ ನಿಲ್ಲುವುದಿಲ್ಲ. ಕಟ್ಟಿದ ದಿನ ಎಷ್ಟಿತ್ತೋ ಎಂಟುನೂರು ವರ್ಷಗಳ ನಂತರವೂ ಸರಿಸುಮಾರು ಅಷ್ಟೇ ಇರುತ್ತದೆ.

ಗೋಡೆಯನ್ನೇ ದಪ್ಪ ಮಾಡಬಹುದಿತ್ತಲ್ಲವೇ ಎಂದಿರಿ. ಒಂದು ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಯಾವುದೇ ಒಂದು ಕಟ್ಟಡದವಲ್ಲ, ಪ್ರಮಾಣ ತಿಳಿಯಲಿ ಎಂದು ನಾನು ಇಟ್ಟುಕೊಂಡವು. ಒಂದು ಅಂಕಣದ, ಅಂದರೆ ಸಾಲಿನ ಎರಡು ಕಂಬಗಳ ನಡುವಿನ ಭಾಗದ, ಉದ್ದ 6 ಮೀಟರ್. ಚಾವಣಿಯ ಅಡ್ಡ ತಳ್ಳು ಆ ಅಂಕಣಕ್ಕೆ 20 ಟನ್. ಅದು ನೆಲದಿಂದ 25 ಮೀಟರ್ ಎತ್ತರದಲ್ಲಿ ಬೀಳುತ್ತದೆ. ಅಂದರೆ ಗೋಡೆಯನ್ನು ಮಗುಚಲು ಹೊರಟಿರುವ ಶಕ್ತಿ 500 ಟನ್-ಮೀಟರ್. ಅದಕ್ಕೆ ಎದುರಾಗಿ ಇರುವುದು ಗೋಡೆಯ ಸ್ವಂತ ತೂಕ ಒಂದೇ. ಘನ ಮೀಟರಿಗೆ 2.2 ಟನ್ ತೂಗುವ ಕಲ್ಲೆಂದು ಹಿಡಿದರೆ, ಗೋಡೆ ಒಂದೂಮುಕ್ಕಾಲು ಮೀಟರ್ ದಪ್ಪವಿದ್ದಾಗ ಇನ್ನೇನು ಮಗುಚಬೇಕು ಎನ್ನುವ ಅಂಚಿನಲ್ಲಿ ನಿಲ್ಲುತ್ತದೆ. ಬುಡದ ಒಳ ಅಂಚು ಬಾಯಿಬಿಡದೆ ನಿಶ್ಚಿಂತೆಯಾಗಿ ನಿಲ್ಲಬೇಕಾದರೆ ಸುಮಾರು 3 ಮೀಟರ್ ದಪ್ಪ ಬೇಕು. ಅದೂ ಒಂದೇ ಒಂದು ಕಿಟಕಿ ಇಲ್ಲದ ಗಟ್ಟಿ ಗೋಡೆಯಾದರೆ. ಕಿಟಕಿ ಕೊರೆದಷ್ಟೂ ತೂಕ ಇಳಿಯುತ್ತದೆ, ಇನ್ನಷ್ಟು ದಪ್ಪ ಬೇಕಾಗುತ್ತದೆ. ಮೂರು ಮೀಟರ್ ದಪ್ಪದ ಗೋಡೆಯಲ್ಲಿ ಕೊರೆದ ಕಿಟಕಿ ಸುರಂಗದಂತಿರುತ್ತದೆ. ಅದರಿಂದ ಬರುವ ಬೆಳಕು ನೆಲ ಮುಟ್ಟುವುದೇ ಕಷ್ಟ.

ಇನ್ನೊಂದು ಅಡಚಣೆ ಇದಕ್ಕಿಂತ ದೊಡ್ಡದು. ನೋಟ್ರ ಡಾಮ್‌ನ ನಡು ಹಜಾರದ ಎತ್ತರದ ಗೋಡೆ ನೆಲದಿಂದ ಎದ್ದದ್ದಲ್ಲ, ಸಾಲುಗಂಬಗಳ ಮೇಲೆ ನಿಂತದ್ದು. ಗೋಡೆಯ ಎರಡೂ ಪಕ್ಕದಲ್ಲಿ ಜನ ಓಡಾಡುವ ಹಜಾರಗಳಿವೆ. ಆ ಕಂಬಗಳ ವ್ಯಾಸ ಸುಮಾರು ಒಂದೂಕಾಲು ಮೀಟರ್. ಮೂರು ಮೀಟರ್ ದಪ್ಪದ ಗೋಡೆಯನ್ನು ಇವುಗಳ ಮೇಲೆ ಕೂರಿಸುವ ಮಾತೇ ಇಲ್ಲ. ಕಂಬಗಳನ್ನೇ ದಪ್ಪ ಮಾಡಿದರೆ ನಡು ಹಜಾರಕ್ಕೂ ಪಕ್ಕದ ಹಜಾರಕ್ಕೂ ಸಂಬಂಧವೇ ಕಡಿದುಹೋಗುತ್ತದೆ.

ಇದರಿಂದ ಪಾರಾಗಲು ಮೊದಲು ಆಗಬೇಕಾದದ್ದು ತಳ್ಳನ್ನು ಗೋಡೆಯ ಉದ್ದಕ್ಕೂ ಹರಡಗೊಡದೆ ಕೆಲವೇ ಜಾಗಗಳಿಗೆ ಕೂಡಿಸುವುದು. ಹಳೆಯ ಕಾಲದ ಕೊಳವೆಯಾಕಾರದ ಚಾವಣಿ ಗೋಡೆಯ ಪ್ರತಿ ಅಂಗುಲವನ್ನೂ ತಳ್ಳುತ್ತಿತ್ತು. ಆದ್ದರಿಂದ ಪ್ರತಿ ಅಂಗುಲವೂ ದಪ್ಪವಿರಬೇಕಿತ್ತು. ನೋಟ್ರ ಡಾಮ್ ಕಟ್ಟಿದ ಶೈಲಿಗೆ ಗಾಥಿಕ್ ಎನ್ನುತ್ತಾರೆ. ಗಾಥಿಕ್ ಚಾವಣಿಯಲ್ಲಿ ಪ್ರತಿ ಅಂಕಣಕ್ಕೂ ಮೂಲೆಯಿಂದ ಮೂಲೆಗೆ ಕರ್ಣವಾಗಿ ಹಾಯುವ ಕಲ್ಲಿನ ಪಟ್ಟಿ ಕಮಾನುಗಳಿವೆ. ಅವುಗಳ ನಡುವಿನ ಜಾಗವನ್ನು ತೆಳುಗಲ್ಲಿನಿಂದ ಮುಚ್ಚಿದ್ದಾರೆ. ನೋಟ್ರ ಡಾಮ್‌ನಲ್ಲಿ ಈ ಮುಚ್ಚುಗೆಯ ದಪ್ಪ ಹಲವೆಡೆ ಒಂದು ಗೇಣಿನಷ್ಟೂ ಇಲ್ಲ. ಹೀಗೆ ಮಡಿಕೆಯಾದ ಚಾವಣಿಯ ಭಾರವೂ ತಳ್ಳೂ ಅಂಕಣದ ಮೂಲೆಗಳಿಗೆ ಹರಿದು ಅಲ್ಲಿಯೇ ಇಳಿಯುತ್ತವೆ. ಎರಡು ಮೂಲೆಗಳ ನಡುವಿನ ಗೋಡೆಗೆ ಹೊರುವ ಕೆಲಸ ಬಹುಪಾಲು ತಪ್ಪುತ್ತದೆ. ಅಲ್ಲಿ ಕಲ್ಲಿದ್ದರೂ ಸರಿ, ಗಾಜಿದ್ದರೂ ಸರಿ.

ಚೂಪು ಕಮಾನಿನ ಪ್ರವೇಶ ಇಲ್ಲಿ. ಅದು ಗಾಥಿಕ್ ಮೇಸ್ತ್ರಿಗಳು ಕಂಡುಹಿಡಿದದ್ದೇನಲ್ಲ. ವಿಜಯಪುರದ ಕಮಾನುಗಳನ್ನು ನೋಡಿದ ನಮಗೆ ಆ ಆಕಾರ ಪರಿಚಿತವೇ. ಪಶ್ಚಿಮ ಏಷ್ಯಾದ ಇಸ್ಲಾಮಿಕ್ ಕಟ್ಟಡಗಳಲ್ಲಿ ಅದು ಶತಮಾನಗಳಷ್ಟು ಮೊದಲೇ ಬಳಕೆಯಲ್ಲಿತ್ತು. ಇಂಗ್ಲೆಂಡಿನ ಡರಹಂ, ಫ್ರಾನ್ಸಿನ ಕ್ಲೂನಿ ಚರ್ಚುಗಳಲ್ಲೂ ನೋಟ್ರ ಡಾಮ್‌ಗಿಂತ ಮುಂಚೆ ಕಾಣಿಸಿಕೊಂಡಿದೆ. ಗಾಥಿಕ್ ಕಟ್ಟಡಗಾರರು ಅದನ್ನು ಯಾವುದಕ್ಕೆ ದುಡಿಸಿಕೊಂಡರು ಎಂಬುದೇ ವಿಶೇಷ.

ಅಂಕಣವೊಂದು 14 ಮೀಟರ್ ಅಗಲ, 7 ಮೀಟರ್ ಉದ್ದ ಇದೆ ಎನ್ನಿ. ಶಾರ್ತ್ರ್ ಮಾದರಿಯ ಹಜಾರಗಳಲ್ಲಿ ಹೆಚ್ಚುಕಡಿಮೆ ಇಂಥದೇ ಅನುಪಾತ. ಎಲ್ಲ ಕಮಾನುಗಳನ್ನೂ ಅರ್ಧವೃತ್ತವಾಗಿ ಕಟ್ಟಿದರೆ ಪ್ರತಿಯೊಂದರ ಎತ್ತರವೂ ಅದರ ಅಗಲದ ಅರ್ಧ. ಹಜಾರಕ್ಕೆ ಅಡ್ಡವಾಗಿ ಹಾಯುವ ಕಮಾನು 7 ಮೀಟರ್ ಏರುತ್ತದೆ. ಕರ್ಣದ ಕಮಾನು ಸುಮಾರು 7.8 ಮೀಟರ್, ಗೋಡೆಯ ಬದಿಯದು ಬರೀ 3.5 ಮೀಟರ್. ಮೂರು ನೆತ್ತಿಗಳು ಮೂರು ಎತ್ತರದಲ್ಲಿ ಇದ್ದರೆ ಚಾವಣಿ ಉಬ್ಬುತಗ್ಗಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಿಟಕಿ ಬರಬೇಕಾದ ಗೋಡೆಬದಿಯಲ್ಲೇ ಕಮಾನು ಅತ್ಯಂತ ಗಿಡ್ಡ. ಅರ್ಧವೃತ್ತದ ಎತ್ತರವನ್ನು ಅದರ ಅಗಲವೇ ನಿರ್ಧರಿಸಿಬಿಡುತ್ತದೆ, ಮೇಸ್ತ್ರಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎರಡು ಕಂಸಗಳನ್ನು ಬೇರೆ ಬೇರೆ ಕೇಂದ್ರದಿಂದ ಎಳೆದು ತುದಿಯಲ್ಲಿ ಕೂಡಿಸಿದರೆ ಈ ಕಟ್ಟು ಕಳಚುತ್ತದೆ. 7 ಮೀಟರ್ ಅಗಲದ ಕಮಾನನ್ನೂ 7.8 ಮೀಟರ್ ಎತ್ತರಕ್ಕೆ ಒಯ್ಯಬಹುದು. ಬಹಳ ಕಡೆ ಕರ್ಣದ ಕಮಾನನ್ನು ಅರ್ಧವೃತ್ತದ ಹತ್ತಿರವೇ ಬಿಟ್ಟು, ಉಳಿದವನ್ನು ಚೂಪಾಗಿಸಿ ಅದರ ಮಟ್ಟಕ್ಕೆ ತಂದರು. ಗೋಡೆಬದಿಯ ಕಮಾನು ಹೀಗೆ ಮೇಲೆದ್ದಾಗ ಅದರಡಿ ಎತ್ತರದ ಕಿಟಕಿಗೆ ಬಾಗಿಲು ತೆರೆಯಿತು. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಮುಖ್ಯ ಉತ್ತರ ಇದೇ.

ಚೂಪು ಕಮಾನು ತಳ್ಳನ್ನು ಕಡಿಮೆ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದೂ ನಿಜವೇ. ಗೋಡೆಗೆ ಒರಗಿಸಿದ ಏಣಿ ಕಡಿದಾಗಿ ನಿಂತಷ್ಟೂ ಅದರ ಬುಡ ಜಾರುವುದು ಕಡಿಮೆ. ಚೂಪು ಕಮಾನು ಒಂದಕ್ಕೊಂದು ಒರಗಿದ ಎರಡು ಕಡಿದಾದ ಏಣಿಗಳಿದ್ದ ಹಾಗೆ. ಆದರೆ ಈ ಲಾಭವನ್ನು ಉತ್ಪ್ರೇಕ್ಷಿಸಬಾರದು. 10 ಮೀಟರ್ ಅಗಲಕ್ಕೆ ಅರ್ಧವೃತ್ತದ ಬದಲು ಸಮಬಾಹು ತ್ರಿಕೋನದ ಮೇಲೆ ಎಳೆದ ಚೂಪು ಕಮಾನು ಕಟ್ಟಿದರೆ ಎತ್ತರ 5 ಮೀಟರಿನಿಂದ 8.7 ಮೀಟರಿಗೆ ಏರುತ್ತದೆ, ಕಲ್ಲೂ ಮೂರನೇ ಒಂದರಷ್ಟು ಹೆಚ್ಚು ಹಿಡಿಯುತ್ತದೆ. ಅದನ್ನೂ ಸೇರಿಸಿ ಅಂದಾಜು ಮಾಡಿದರೆ ಅಡ್ಡ ತಳ್ಳು ಕಡಿಮೆಯಾಗುವುದು ಕಾಲು ಭಾಗದಷ್ಟು ಮಾತ್ರ. ನಿಜವಾದ ಚಾವಣಿಗಳು ಎಷ್ಟೋ ಸಲ ಅಷ್ಟು ಚೂಪಾಗಿಯೂ ಇರುವುದಿಲ್ಲ. ಉಳಿದ ತಳ್ಳು ಹಾಗೆಯೇ ಇದೆ. 25 ಮೀಟರ್ ಎತ್ತರದಲ್ಲಿ, ತೆಳ್ಳನೆಯ ಗೋಡೆಯ ಹೊರಮೈಯಲ್ಲಿ ಅದನ್ನು ಯಾರಾದರೂ ಹಿಡಿಯಲೇಬೇಕು.

ಹಿಡಿಯುವವರು ನೀವು ಹೊರಗೆ ಕಂಡ ಫ್ಲೈಯಿಂಗ್ ಬಟ್ರೆಸ್‌ಗಳು. ಕನ್ನಡದಲ್ಲಿ ಆಸರೆ ಕಮಾನು ಎನ್ನೋಣ. ಪಕ್ಕದ ಹಜಾರಗಳ ಆಚೆ, ಕಟ್ಟಡದ ಹೊರ ಅಂಚಿನಲ್ಲಿ, ದಪ್ಪನೆಯ ಕಲ್ಲಿನ ಕಟ್ಟೆಗಂಬಗಳು ನೆಲದಿಂದ ನೇರ ಎದ್ದಿವೆ. ತಳ್ಳನ್ನು ತಮ್ಮ ತೂಕದಿಂದ ಕೆಳಕ್ಕೆ ತಿರುಗಿಸಿ ನೆಲಕ್ಕೆ ಇಳಿಸುವವು ಈ ಕಂಬಗಳೇ. ಅವುಗಳಿಗೂ ಎತ್ತರದ ಗೋಡೆಗೂ ನಡುವೆ ಹಜಾರದ ಮಾಡಿನ ಮೇಲಿಂದ ಹಾಯುವ ಅರೆಗಮಾನು ಬರೀ ಸೇತುವೆ. ಕಟ್ಟಡಕ್ಕೆ ಮೂರು ಮೀಟರ್ ದಪ್ಪ ಬೇಕಿದ್ದದ್ದು ಸುಳ್ಳಾಗಲಿಲ್ಲ. ಆ ದಪ್ಪವನ್ನು ಅಂಕಣಕ್ಕೊಂದರಂತೆ ತುಂಡು ಮಾಡಿ, ಗೋಡೆಗೆ ಅಡ್ಡವಾಗಿ ತಿರುಗಿಸಿ, ಬೆಳಕಿಗೆ ಅಡ್ಡಬಾರದಷ್ಟು ದೂರಕ್ಕೆ ಸರಿಸಿದರು.

ಆ ಅರೆಗಮಾನನ್ನು ಹತ್ತಿರದಿಂದ ಗಮನಿಸಿ. ಕೆಳಅಂಚು ಬಾಗಿದೆ, ಮೇಲಂಚು ನೇರ ಇಳಿಜಾರು. ಬಾಗಿದ ಅಂಚು ತನ್ನ ತೂಕವನ್ನು ತಾನೇ ಹೊತ್ತು ಬೀಳದೆ ನಿಲ್ಲುವುದಕ್ಕೆ. ನೇರ ಇಳಿಜಾರು ಚಾವಣಿಯ ತಳ್ಳು ಹಾಯುವುದಕ್ಕೆ. ಕಲ್ಲಿನ ಆ ದಪ್ಪದೊಳಗೆ ತಳ್ಳು ಬಹುತೇಕ ನೇರ ಗೆರೆಯಲ್ಲಿ ಓಡಬಲ್ಲದು. ಹೀಗಾಗಿ ಆಸರೆ ಕಮಾನು ಎರಡು ಸ್ಥಿತಿಗಳ ನಡುವೆ ಎಲ್ಲಿ ಬೇಕಾದರೂ ಇರಬಲ್ಲದು. ಎದುರಿನಿಂದ ಯಾರೂ ತಳ್ಳದಿದ್ದಾಗ ತನ್ನ ತೂಕದಿಂದಲೇ ಗೋಡೆಯನ್ನು ಕೊಂಚ ಒಳಕ್ಕೆ ಒತ್ತುತ್ತದೆ. ಚಾವಣಿ ಜೋರಾಗಿ ತಳ್ಳಿದರೆ ಅದರ ಹಲವು ಪಟ್ಟು ಬಲವನ್ನು ನುಂಗಿ ಹೊರಗಂಬಕ್ಕೆ ದಾಟಿಸುತ್ತದೆ. ನೋಟ್ರ ಡಾಮ್‌ನ ಪೂರ್ವ ತುದಿಯಲ್ಲಿ ಇವು ಸುಮಾರು 15 ಮೀಟರ್ ದೂರವನ್ನು ಒಂದೇ ನೆಗೆತದಲ್ಲಿ ದಾಟುತ್ತವೆ. ರೀಮ್ಸ್, ಆಮ್ಯಾಂ ನಗರಗಳ ಕೆಥಡ್ರಲ್‌ಗಳಲ್ಲಿ ಒಂದರ ಮೇಲೊಂದು ಎರಡು ಸಾಲುಗಳಿವೆ. ಕೆಳಗಿನದು ಚಾವಣಿಯ ತಳ್ಳಿಗೆ. ಮೇಲಿನದರ ಮುಖ್ಯ ಕೆಲಸ ಎತ್ತರದ ಮರದ ಮಾಡಿಗೆ ಬಡಿಯುವ ಗಾಳಿಯನ್ನು ತಡೆಯುವುದು.

ಕಿಟಕಿಗೂ ಈ ಕಮಾನುಗಳಿಗೂ ಇರುವ ನಂಟನ್ನು ನೋಟ್ರ ಡಾಮ್‌ನಲ್ಲೇ ಕಣ್ಣಾರೆ ನೋಡಬಹುದು. 1163ರಲ್ಲಿ ಕೆಲಸ ಶುರುವಾದಾಗ ಅಲ್ಲಿ ಯೋಜಿಸಿದ್ದ ಮೇಲ್ಕಿಟಕಿಗಳು ಚಿಕ್ಕವು. ಅವುಗಳ ಕೆಳಗೆ, ಪಕ್ಕದ ಮಹಡಿಯ ಮಾಡಿನ ಹಿಂದೆ, ಗುಂಡನೆಯ ಬೆಳಕಿಂಡಿಗಳಿದ್ದವು. ಅವುಗಳಿಂದ ಬೆಳಕು ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಅಷ್ಟರಲ್ಲಿ ಶಾರ್ತ್ರ್‌ನಲ್ಲಿ ದೊಡ್ಡ ಕಿಟಕಿಗಳು ಎದ್ದು ಪ್ಯಾರಿಸ್‌ನದು ಕತ್ತಲೆಮನೆಯಂತೆ ಕಾಣತೊಡಗಿತು. 1220ರ ದಶಕದಲ್ಲಿ ಮೇಸ್ತ್ರಿಗಳು ಆಗಲೇ ಮುಗಿದಿದ್ದ ಗೋಡೆಗೆ ಕೈಹಾಕಿದರು. ಪಕ್ಕದ ಮಹಡಿಯ ಇಳಿಜಾರು ಮಾಡನ್ನು ತಗ್ಗಿಸಿದರು. ಗುಂಡು ಬೆಳಕಿಂಡಿಗಳನ್ನು ತೆಗೆದು ಮೇಲ್ಕಿಟಕಿಗಳನ್ನು ಅಲ್ಲಿಯವರೆಗೆ ಕೆಳಕ್ಕೆ ಇಳಿಸಿದರು. ಆಸರೆ ಕಮಾನುಗಳನ್ನು ಹೊಸ ವ್ಯವಸ್ಥೆಗೆ ಸರಿಯಾಗಿ ಮತ್ತೆ ಕಟ್ಟಿದರು. ಮೇಲಿನ ಚಾವಣಿ ತನ್ನ ಜಾಗದಲ್ಲೇ ಇದ್ದಾಗ ಅದರ ಕೆಳಗಿನ ಗೋಡೆಯನ್ನು ಅಷ್ಟು ಅಗಲಕ್ಕೆ ಬಿಚ್ಚಲು ಸಾಧ್ಯವಾದದ್ದೇ ಆ ಭಾಗದ ಗೋಡೆ ಹೊರುವ ಗೋಡೆಯಲ್ಲ ಎಂಬುದಕ್ಕೆ ಸಾಕ್ಷಿ. 19ನೇ ಶತಮಾನದಲ್ಲಿ ಜೀರ್ಣೋದ್ಧಾರ ಮಾಡಿದ ವಿಯೊಲೆ-ಲ-ದ್ಯುಕ್, ಹಜಾರಗಳು ಕೂಡುವ ನಡುಭಾಗದ ಪಕ್ಕದ ಅಂಕಣಗಳಲ್ಲಿ ಹಳೆಯ ವಿನ್ಯಾಸವನ್ನು ಮತ್ತೆ ಮಾಡಿಟ್ಟಿದ್ದಾರೆ. ಮುಂದಿನ ಸಲ ಹೋದಾಗ ಅಲ್ಲಿ ನಿಂತು ಚಿಕ್ಕ ಕಿಟಕಿ, ಅದರಡಿಯ ಗುಂಡು ಕಿಂಡಿ ನೋಡಿ, ಪಕ್ಕದ ಅಂಕಣದ ಉದ್ದ ಕಿಟಕಿಗೆ ಹೋಲಿಸಿ.

ಮಾಡು ತಗ್ಗಿಸಿದ್ದರಿಂದ ಮಳೆನೀರಿನ ಸಮಸ್ಯೆ ಬಂತು. ಅದನ್ನೂ ಆಸರೆ ಕಮಾನಿಗೇ ಹೊರಿಸಿದರು. ಅದರ ಇಳಿಜಾರಿನ ಬೆನ್ನಿನಲ್ಲಿ ಕಾಲುವೆ ಕೊರೆದು, ಎತ್ತರದ ಮಾಡಿನ ನೀರನ್ನು ಹೊರಗಂಬದವರೆಗೆ ಹರಿಸಿ, ಮೃಗಮುಖದ ಬಾಯಿಂದ ದೂರಕ್ಕೆ ಉಗುಳಿಸುವ ಏರ್ಪಾಡು. ಕಲ್ಲಿನ ಕಟ್ಟಡಗಳನ್ನು ತಪಾಸಣೆ ಮಾಡುವ ನನ್ನಂಥವರು ಮೊದಲು ನೋಡುವುದೂ ಈ ಕಾಲುವೆಯನ್ನೇ. ಅದು ಕಟ್ಟಿಕೊಂಡರೆ ನೀರು ಸಂದುಗಳಿಗೆ ಇಳಿದು ಸುಣ್ಣದ ಗಾರೆಯನ್ನು ತೊಳೆದುಬಿಡುತ್ತದೆ. ಇನ್ನು ಹೊರಗಂಬದ ನೆತ್ತಿಯ ಮೇಲಿನ ಗೋಪುರದಂಥ ಮೊನೆಗಲ್ಲು: ಇಡೀ ಕಂಬ ಮಗುಚದಂತೆ ಹಿಡಿಯುವುದು ಅದೇ ಎಂದು ಬರೆಯುವವರಿದ್ದಾರೆ. ಕಂಬದ ತೂಕದ ಮುಂದೆ ಅದರ ತೂಕ ಲೆಕ್ಕಕ್ಕಿಲ್ಲ. ಕಮಾನು ಬಂದು ಒತ್ತುವ ಜಾಗದ ಮೇಲಿನ ಕೆಲವು ವರಸೆ ಕಲ್ಲುಗಳು ಪಕ್ಕಕ್ಕೆ ಜಾರದಂತೆ ಅದುಮಿ ಹಿಡಿಯುವುದು ಅದರಿಂದಾಗುವ ಉಪಕಾರ.

ಕಟ್ಟುವಾಗಿನ ಸರದಿಯೂ ಮುಖ್ಯ. ಮೊದಲು ಕಂಬ, ಗೋಡೆ, ಹೊರಗಂಬ. ಆಮೇಲೆ ಮರದ ಮಾಡು. ಅದರ ನೆರಳಿನಲ್ಲಿ ಕಲ್ಲಿನ ಚಾವಣಿ. ಕಮಾನುಗಳಿಗೆ ಮರದ ಸೆಂಟ್ರಿಂಗ್ ಕೊಟ್ಟು, ಅದರ ಮೇಲೆ ಎರಡೂ ಬದಿಯಿಂದ ಕಲ್ಲು ಜೋಡಿಸುತ್ತ ಬಂದು, ನೆತ್ತಿಗಲ್ಲು ಕೂರಿಸಿದ ಮೇಲೆ ಮರವನ್ನು ಬಿಚ್ಚುತ್ತಿದ್ದರು. ಆಸರೆ ಕಮಾನು ಸಿದ್ಧವಾಗದೆ ಚಾವಣಿಯ ಸೆಂಟ್ರಿಂಗ್ ಬಿಚ್ಚುವ ಹಾಗಿಲ್ಲ. ಸುಣ್ಣದ ಗಾರೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು, ದಪ್ಪ ಕಟ್ಟಡದ ಒಳಗೆ ಇನ್ನೂ ಹೆಚ್ಚು. ಆ ಅವಧಿಯಲ್ಲಿ ಕಟ್ಟಡ ಅಷ್ಟಿಷ್ಟು ವಾಲಿ, ತಗ್ಗಿ ತನ್ನ ಭಂಗಿಯನ್ನು ತಾನೇ ಕಂಡುಕೊಳ್ಳುತ್ತದೆ.

ಪೆಟ್ಟಾದರೆ ಏನಾಗುತ್ತದೆ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ 2019ರ ಏಪ್ರಿಲ್ 15ರ ಬೆಂಕಿ ಅರ್ಧ ಉತ್ತರ ಕೊಟ್ಟಿತು. ಅಂದು ಪೆಟ್ಟು ಬಿದ್ದದ್ದು ಹೊರಗಿನ ಕಮಾನುಗಳಿಗಲ್ಲ, ಒಳಗಿನ ಚಾವಣಿಗೆ. ಮರದ ಮಾಡು ಸುಟ್ಟುಹೋಯಿತು, ಶಿಖರ ಚಾವಣಿಯನ್ನು ತೂರಿಕೊಂಡು ಬಿತ್ತು. ಆದರೂ ಚಾವಣಿಯ ಬಹುಭಾಗ ಉಳಿದು ತಾನು ಯಾಕೆ ಇದ್ದೇನೆಂದು ತೋರಿಸಿಕೊಟ್ಟಿತು. ಎಂಜಿನಿಯರುಗಳ ಆತಂಕ ಬೇರೆಯದಾಗಿತ್ತು. ಬೆಂದು ಸಡಿಲವಾದ ಉಳಿದ ಚಾವಣಿಯೂ ಬಿದ್ದರೆ ಹೊರಕ್ಕೆ ತಳ್ಳುವವರು ಇಲ್ಲವಾಗುತ್ತಾರೆ. ಆಸರೆ ಕಮಾನುಗಳು ಒಳಕ್ಕೆ ಒತ್ತುತ್ತಲೇ ಇರುತ್ತವೆ. ಮಾಡಿನ ಕಟ್ಟೂ ಇಲ್ಲದ ಎತ್ತರದ ಗೋಡೆ ಹಜಾರದ ಒಳಕ್ಕೆ ಮಗುಚಬಹುದು. ಆದ್ದರಿಂದ 28 ಆಸರೆ ಕಮಾನುಗಳ ಅಡಿಗೂ ಅಳತೆ ತೆಗೆದು ಮಾಡಿದ ಮರದ ಸೆಂಟ್ರಿಂಗ್ ಇಟ್ಟು, ಅವುಗಳ ಭಾರವನ್ನು ಅದರ ಮೇಲೆ ಇಳಿಸಿಕೊಳ್ಳಲು ಅಣಿಮಾಡಿದರು. ಚಾವಣಿಯನ್ನು ಸರಿಪಡಿಸಿದ ನಂತರವೇ ಅವನ್ನು ತೆಗೆದದ್ದು.

ಇದರ ತಿರುವು ಮುರುವು, ಅಂದರೆ ಹೊರಗಿನ ಆಸರೆಯೇ ಸೋತರೆ, ಚಾವಣಿಯ ಕಾಲುಗಳು ಅಗಲುತ್ತವೆ. ಅದು ದಿಢೀರೆಂದು ಆಗುವುದು ಅಪರೂಪ. ಮೊದಲೇ ಗುರುತು ಬರೆಯುತ್ತದೆ. ಚಾವಣಿಯ ನೆತ್ತಿಯ ಕೆಳಮೈಯಲ್ಲಿ ಉದ್ದಕ್ಕೂ ಒಂದು ಸೀಳು. ಗೋಡೆ ಮತ್ತು ಚಾವಣಿ ಕೂಡುವಲ್ಲಿ ಇನ್ನೊಂದು. ಗೋಡೆಗೆ ಸಮಾನಾಂತರವಾಗಿ, ಅದರಿಂದ ತುಸು ದೂರದಲ್ಲಿ, ಚಾವಣಿಯ ತೆಳುಗಲ್ಲನ್ನು ಪೂರ್ತಿ ಸೀಳಿಕೊಂಡು ಹೋಗುವುದು ಮೂರನೆಯದು. ಈ ಮೂರೂ ಬಹುತೇಕ ಪ್ರತಿ ಹಳೆಯ ಗಾಥಿಕ್ ಚರ್ಚಿನಲ್ಲಿ ಇವೆ. ಕಟ್ಟಡ ಮೊದಲ ದಶಕಗಳಲ್ಲಿ ಕೊಂಚ ಹೊರಕ್ಕೆ ಸರಿದು ನಿಂತದ್ದರ ಗುರುತಷ್ಟೇ, ಅವು ಅಪಾಯವಲ್ಲ. ಕೇಂಬ್ರಿಜ್‌ನ ಎಂಜಿನಿಯರ್ ಜಾಕ್ ಹೇಮನ್ 1960ರ ದಶಕದಿಂದ ಇದನ್ನೇ ತಿಳಿಯಪಡಿಸುತ್ತ ಬಂದರು: ಇಂಥ ಕಟ್ಟಡಗಳಲ್ಲಿ ಕಲ್ಲು ಜಜ್ಜಿಹೋಗುವ ಪ್ರಶ್ನೆಯೇ ಇಲ್ಲ, ಕಂಬದ ಬುಡದಲ್ಲೂ ಒತ್ತಡ ಕಲ್ಲಿನ ತಾಳಿಕೆಯ ಸಣ್ಣ ಪಾಲು ಮಾತ್ರ, ತಳ್ಳಿನ ಗೆರೆ ಕಲ್ಲಿನ ದಪ್ಪದೊಳಗೇ ಇದೆಯೇ ಎಂಬುದನ್ನು ನೋಡಬೇಕು. ನಾವು ಸೀಳಿನ ಮೇಲೆ ಅಳತೆಪಟ್ಟಿ ಅಂಟಿಸಿ ಅದು ಈಗಲೂ ಬೆಳೆಯುತ್ತಿದೆಯೇ ಎಂದು ಕಾಯುವುದು ಅದಕ್ಕೇ. ಚಳಿಗೆ ತೆರೆದು ಬೇಸಿಗೆಗೆ ಮುಚ್ಚಿಕೊಂಡರೆ ಚಿಂತೆಯಿಲ್ಲ. ವರ್ಷದಿಂದ ವರ್ಷಕ್ಕೆ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಹೊರಗಂಬದ ಅಡಿಪಾಯವನ್ನು ಅಗೆದು ನೋಡಬೇಕು.

ಈ ಪದ್ಧತಿಯ ಮಿತಿ ಗೊತ್ತಾದದ್ದು ಬೊವೆ ನಗರದಲ್ಲಿ. 1225ರಲ್ಲಿ ಆರಂಭವಾದ ಅಲ್ಲಿನ ಕೆಥಡ್ರಲ್‌ನ ಚಾವಣಿ ಸುಮಾರು 48 ಮೀಟರ್ ಎತ್ತರ, ನೋಟ್ರ ಡಾಮ್‌ಗಿಂತ 15 ಮೀಟರ್ ಹೆಚ್ಚು. 1272ರಲ್ಲಿ ಪೂರ್ವ ಭಾಗ ಮುಗಿಯಿತು. ಹನ್ನೆರಡು ವರ್ಷ ನಿಂತು, 1284ರ ನವೆಂಬರ್ 29ರಂದು ಚಾವಣಿಯ ದೊಡ್ಡ ಭಾಗ ಕುಸಿಯಿತು. ಕಾರಣದ ಬಗ್ಗೆ ಒಮ್ಮತವಿಲ್ಲ. ಗಾರೆಯ ಸಂದುಗಳು ನಿಧಾನವಾಗಿ ಕುಗ್ಗಿ ಭಾರ ತೆಳ್ಳನೆಯ ಕಂಬಗಳ ಮೇಲೆ ಬಿತ್ತು ಎಂದು ವಿಯೊಲೆ-ಲ-ದ್ಯುಕ್ ವಾದಿಸಿದರು. ಗಾಳಿಯ ಹೊಡೆತಕ್ಕೆ ಹೊರಗಿನ ನಡುಗಂಬಗಳಲ್ಲಿ ಎಳೆತ ಉಂಟಾಗಿ, ಎಳೆತ ತಾಳದ ಗಾರೆ ಬಿರಿಯಿತು ಎಂದು ಅಮೆರಿಕದ ರಾಬರ್ಟ್ ಮಾರ್ಕ್ ಮಾದರಿಗಳನ್ನು ಮಾಡಿ ಪರೀಕ್ಷಿಸಿ ತೋರಿಸಿದರು. ನನಗೆ ಎರಡನೆಯದು ಹೆಚ್ಚು ಒಪ್ಪಿಗೆ. ಅಲ್ಲಿನ ಆಸರೆ ಕಮಾನು ಎರಡು ಹಂತದಲ್ಲಿ ಹಾಯುತ್ತದೆ. ನಡುವಿನ ತೆಳು ಕಂಬವನ್ನು ನೋಡಿದವರಿಗೆ ಅದೇ ದುರ್ಬಲ ಕೊಂಡಿ ಎನಿಸದೆ ಇರದು. ರಿಪೇರಿಗೆ ಬಂದವರು ಎರಡೆರಡು ಕಂಬಗಳ ನಡುವೆ ಮತ್ತೊಂದು ಕಂಬ ನಿಲ್ಲಿಸಿ ಅಂಕಣಗಳನ್ನು ಇಬ್ಭಾಗಿಸಿದರು. ಅಗಲವಾಗಿದ್ದ ಕಿಟಕಿಗಳು ಅದರಿಂದ ಇಕ್ಕಟ್ಟಾದವು.

ಬೊವೆಯ ಹೊರಗಂಬಗಳನ್ನು ಕಬ್ಬಿಣದ ಸಲಾಕೆಗಳಿಂದ ಒಂದಕ್ಕೊಂದು ಬಿಗಿದಿದ್ದರು. ನೋಟಕ್ಕೆ ಅಡ್ಡಿ ಎಂದೋ, ಬೇಡವೆಂದೋ 1960ರ ದಶಕದಲ್ಲಿ ಅವನ್ನು ಬಿಚ್ಚಿದಾಗ ಕಟ್ಟಡ ಗಾಳಿಗೆ ತೂಗತೊಡಗಿತು. ಕೊನೆಗೆ ಉಕ್ಕಿನ ಸಲಾಕೆಗಳನ್ನು ಹಾಕಿ ಮತ್ತೆ ಬಿಗಿಯಬೇಕಾಯಿತು. 1990ರ ದಶಕದಲ್ಲಿ ಒಳಗಿನ ಅಡ್ಡ ಹಜಾರಕ್ಕೂ ಮರ ಮತ್ತು ಉಕ್ಕಿನ ಭಾರಿ ಊರೆಗಳನ್ನು ಕೊಟ್ಟರು. ಹೊರಗಿನ ಆಸರೆ ಸಾಲದೆ ಬಂದಾಗ ಒಳಗೆ ಏನೇನು ತಂದು ನಿಲ್ಲಿಸಬೇಕಾಗುತ್ತದೆ ಎಂಬುದಕ್ಕೆ ಅವೇ ಸಾಕ್ಷಿ.